ಸೊನ್ನೆಗಳು ಕೊನೆಗೆ, ಉಳಿದವು ತಮ್ಮ ಕ್ರಮದಲ್ಲೇ

ಸಂಖ್ಯೆಗಳ ಒಂದು ಸಾಲು ಇದೆ, ಅದರ ನಡುನಡುವೆ ಸೊನ್ನೆಗಳಿವೆ. ಸೊನ್ನೆಗಳನ್ನೆಲ್ಲ ಸಾಲಿನ ಕೊನೆಗೆ ಸರಿಸಬೇಕು. ಸೊನ್ನೆಯಲ್ಲದ ಸಂಖ್ಯೆಗಳು ಮುಂದೆ ಬರಬೇಕು, ಆದರೆ ಅವುಗಳಲ್ಲಿ ಯಾವುದು ಯಾವುದರ ಹಿಂದೆ ಇತ್ತೋ ಆ ಕ್ರಮ ಹಾಗೇ ಉಳಿಯಬೇಕು. ಮೂರನೆಯ ನಿಬಂಧನೆಯೊಂದಿದೆ: ಕೆಲಸವೆಲ್ಲ ಅದೇ ಸಾಲಿನೊಳಗೆ ನಡೆಯಬೇಕು. ಪಕ್ಕದಲ್ಲಿ ಅಷ್ಟೇ ಉದ್ದದ ಇನ್ನೊಂದು ಸಾಲನ್ನು ಮಾಡಿಕೊಂಡು, ಬೇಕಾದದ್ದನ್ನು ಅಲ್ಲಿಗೆ ನಕಲಿಸಿ ತರುವ ಹಾಗಿಲ್ಲ. ಸಾಲಿನಲ್ಲಿ ಹತ್ತು ಸಂಖ್ಯೆಗಳಿರಲಿ, ಹತ್ತು ಲಕ್ಷವಿರಲಿ, ಹೆಚ್ಚುವರಿಯಾಗಿ ಬಳಸುವ ಮೆಮೊರಿ ಒಂದೆರಡು ಚರಾಂಶಗಳಷ್ಟೇ ಆಗಿರಬೇಕು. ‘ಜಾಗದಲ್ಲೇ ಮಾಡುವುದು’ ಎಂದರೆ ಇದು.

ಪ್ರೋಗ್ರಾಮಿಂಗ್ ಕಲಿಯುವವರಿಗೆ ಅರೇಗಳ ಪಾಠದಲ್ಲಿ ಎದುರಾಗುವ ಈ ಸಮಸ್ಯೆ ಅಭ್ಯಾಸಕ್ಕಷ್ಟೇ ಸೀಮಿತವಲ್ಲ. ಇಟಲಿಯ ಗೇಬ್ರಿಯೆಲೆ ಚಿರುಲ್ಲಿ 2014ರ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿದ 2048 ಎಂಬ ಆಟವನ್ನು ಮೊಬೈಲಿನಲ್ಲಿ ಆಡಿದವರು ಈ ಕೆಲಸವನ್ನು ಕಣ್ಣಾರೆ ಕಂಡಿರುತ್ತಾರೆ. ಅದರಲ್ಲಿ ನಾಲ್ಕು ಸಾಲು, ನಾಲ್ಕು ಕಂಬಗಳ ಮನೆಗಳಿವೆ. ಎಡಕ್ಕೆ ಸರಿಸಿದಾಗ ಪ್ರತಿ ಸಾಲಿನ ಬಿಲ್ಲೆಗಳೂ ಖಾಲಿ ಮನೆಗಳನ್ನು ತುಂಬಿಕೊಂಡು ಎಡಕ್ಕೆ ಜಾರುತ್ತವೆ. ಅಕ್ಕಪಕ್ಕ ಬಂದ ಎರಡು ಒಂದೇ ಸಂಖ್ಯೆಗಳು ಕೂಡಿ ಒಂದಾಗುತ್ತವೆ. ಖಾಲಿ ಮನೆಯನ್ನು ಸೊನ್ನೆ ಎಂದು ಬರೆದರೆ, ಜಾರುವುದು ಎಂದರೆ ಸೊನ್ನೆಗಳನ್ನು ಕೊನೆಗೆ ಕಳುಹಿಸುವುದೇ.

ಕ್ರಮ ಉಳಿಯಬೇಕೆಂಬ ನಿಬಂಧನೆ ಎಷ್ಟು ಗಟ್ಟಿಯಾದದ್ದು ಎಂಬುದೂ ಇಲ್ಲೇ ತಿಳಿಯುತ್ತದೆ. ಒಂದು ಸಾಲು `2 0 2 4` ಎಂದಿರಲಿ. ಕ್ರಮ ಕೆಡದಂತೆ ಸೊನ್ನೆಯನ್ನು ಕೊನೆಗೆ ಕಳುಹಿಸಿದರೆ `2 2 4 0` ಆಗುತ್ತದೆ. ಎರಡು 2ಗಳು ಅಕ್ಕಪಕ್ಕ ಬಂದವು, ಕೂಡಿದರೆ `4 0 4 0`. ಕೂಡಿದಾಗ ಹೊಸ ಸೊನ್ನೆಯೊಂದು ಹುಟ್ಟಿದ್ದರಿಂದ ಇನ್ನೊಮ್ಮೆ ಜಾರಿಸಿ `4 4 0 0` ಎಂದು ನಿಲ್ಲಿಸಬೇಕು. ಆಟದ ನಿಯಮದಂತೆ ಒಂದು ನಡೆಯಲ್ಲಿ ಕೂಡಿ ಬಂದ ಬಿಲ್ಲೆ ಅದೇ ನಡೆಯಲ್ಲಿ ಮತ್ತೆ ಕೂಡುವುದಿಲ್ಲ, ಹಾಗಾಗಿ ಸಾಲು ಅಲ್ಲಿಗೇ ನಿಲ್ಲುತ್ತದೆ. ಈಗ ಕ್ರಮದ ಚಿಂತೆ ಬಿಟ್ಟು, ಎರಡನೆಯ ಮನೆಯ ಸೊನ್ನೆಯನ್ನು ಕೊನೆಯ ಮನೆಯ 4ರೊಂದಿಗೆ ಅದಲುಬದಲು ಮಾಡೋಣ: `2 4 2 0`. ಸೊನ್ನೆ ಕೊನೆಗೆ ಹೋಗಿದೆ ನಿಜ, ಆದರೆ ಕೂಡಬೇಕಿದ್ದ ಎರಡು 2ಗಳ ನಡುವೆ 4 ಬಂದು ನಿಂತಿದೆ. ಕೂಡುವುದಕ್ಕೆ ಏನೂ ಇಲ್ಲ, ಆಟವೇ ತಪ್ಪಿಹೋಯಿತು.

ಈ ಕೆಲಸಕ್ಕೆ ಥಟ್ಟನೆ ಹೊಳೆಯುವ ಹಾದಿ ಎಂದರೆ ಸೊನ್ನೆ ಕಂಡಾಗಲೆಲ್ಲ ಅದನ್ನು ತೆಗೆದು, ಹಿಂದಿನವುಗಳನ್ನು ಒಂದೊಂದು ಮನೆ ಮುಂದಕ್ಕೆ ಎಳೆದು, ಕೊನೆಯಲ್ಲಿ ಸೊನ್ನೆಯನ್ನು ಸೇರಿಸುವುದು. ಪೈಥಾನ್ ಭಾಷೆಯಲ್ಲಿ ಇದನ್ನು ಬರೆಯುವುದು ಬಹಳ ಸುಲಭ. ಸುಲಭವಾದ್ದರಿಂದಲೇ ಹಲವರು ಹೀಗೆ ಬರೆಯುತ್ತಾರೆ:

```python
for i in range(len(a)):
    if a[i] == 0:
        a.pop(i)
        a.append(0)
```

ಈ ಅಧ್ಯಾಯದುದ್ದಕ್ಕೂ ಒಂದೇ ಉದಾಹರಣೆಯನ್ನು ಇಟ್ಟುಕೊಳ್ಳೋಣ: `0 14 0 3 9 0 0 5`. ಎಂಟು ಸಂಖ್ಯೆಗಳು, ಅವುಗಳಲ್ಲಿ ನಾಲ್ಕು ಸೊನ್ನೆ. ಬರಬೇಕಾದ ಉತ್ತರ `14 3 9 5 0 0 0 0`. ಅರೇಯ ಸ್ಥಾನಗಳನ್ನು 0ಯಿಂದ ಎಣಿಸುವುದು ವಾಡಿಕೆ, ಆದ್ದರಿಂದ ಸ್ಥಾನಗಳು 0ಯಿಂದ 7ರವರೆಗೆ.

ಮೇಲಿನ ಪ್ರೋಗ್ರಾಂ ಮೊದಲ ಸ್ಥಾನದ ಸೊನ್ನೆಯನ್ನು ತೆಗೆದು ಕೊನೆಗೆ ಹಾಕುತ್ತದೆ: `14 0 3 9 0 0 5 0`. ಸ್ಥಾನ 1ರಲ್ಲಿ ಮತ್ತೆ ಸೊನ್ನೆ, ಅದನ್ನೂ ಕಳುಹಿಸಿದರೆ `14 3 9 0 0 5 0 0`. ಸ್ಥಾನ 2ರಲ್ಲಿ 9 ಇದೆ, ಅದಕ್ಕೆ ಏನೂ ಮಾಡಬೇಕಿಲ್ಲ. ಸ್ಥಾನ 3ರಲ್ಲಿ ಸೊನ್ನೆ, ತೆಗೆದಾಗ `14 3 9 0 5 0 0 0`. ಗಮನಿಸಬೇಕಾದ ಘಳಿಗೆ ಇದು. ಸ್ಥಾನ 3ರ ಸೊನ್ನೆ ಹೋದ ಕೂಡಲೇ ಅದರ ಹಿಂದಿದ್ದ ಇನ್ನೊಂದು ಸೊನ್ನೆ ಜಾರಿ ಅದೇ ಸ್ಥಾನ 3ಕ್ಕೆ ಬಂದಿದೆ. ಆದರೆ `i` ಆಗಲೇ 4ಕ್ಕೆ ಹೋಗಿಬಿಟ್ಟಿದೆ. ಆ ಸೊನ್ನೆಯನ್ನು ಯಾರೂ ಮತ್ತೆ ನೋಡುವುದಿಲ್ಲ. ಕೊನೆಗೆ ಸಿಗುವ ಉತ್ತರ `14 3 9 0 5 0 0 0`. 9 ಮತ್ತು 5ರ ನಡುವೆ ಒಂದು ಸೊನ್ನೆ ಉಳಿದುಹೋಗಿದೆ. ಸೊನ್ನೆಗಳು ಬಿಡಿಬಿಡಿಯಾಗಿರುವ ಸಾಲುಗಳಲ್ಲಿ ಈ ಪ್ರೋಗ್ರಾಂ ಸರಿಯಾದ ಉತ್ತರವನ್ನೇ ಕೊಡುತ್ತದೆ. ಅಕ್ಕಪಕ್ಕದಲ್ಲಿ ಎರಡು ಸೊನ್ನೆಗಳಿರುವ, ಅವುಗಳ ಹಿಂದೆ ಸೊನ್ನೆಯಲ್ಲದ ಸಂಖ್ಯೆಯೊಂದಿರುವ ಸಾಲನ್ನು ಕೊಟ್ಟು ನೋಡದ ಹೊರತು ದೋಷ ಹೊರಬೀಳುವುದಿಲ್ಲ. ಪರೀಕ್ಷೆಗೆ `0 0 1` ಸಾಕು.

ಸೊನ್ನೆಯನ್ನು ತೆಗೆದಾಗ `i` ಅನ್ನು ಮುಂದೆ ಸರಿಸದೆ ನಿಲ್ಲಿಸಿಕೊಂಡು, ಒಟ್ಟು ಸುತ್ತುಗಳನ್ನು ಸಾಲಿನ ಉದ್ದಕ್ಕೇ ಮಿತಿಗೊಳಿಸಿ ಈ ದೋಷವನ್ನು ಸರಿಪಡಿಸಬಹುದು. ಆಮೇಲೂ ಒಂದು ತೊಂದರೆ ಉಳಿಯುತ್ತದೆ, ಅದು ವೇಗದ್ದು. ಪ್ರತಿ ಸಲ ಒಂದು ಸೊನ್ನೆಯನ್ನು ತೆಗೆದಾಗ ಅದರ ಹಿಂದಿರುವ ಎಲ್ಲವೂ ಒಂದು ಮನೆ ಸರಿಯಬೇಕು. ಒಂದು ಲಕ್ಷ ಸಂಖ್ಯೆಗಳಿವೆ, ಮೊದಲ ಐವತ್ತು ಸಾವಿರ ಸೊನ್ನೆ, ಉಳಿದ ಐವತ್ತು ಸಾವಿರ ಬೇರೆ ಸಂಖ್ಯೆಗಳು ಎಂದುಕೊಳ್ಳೋಣ. ಸೊನ್ನೆಯಲ್ಲದ ಪ್ರತಿಯೊಂದು ಸಂಖ್ಯೆಯೂ ಐವತ್ತು ಸಾವಿರ ಮನೆ ಮುಂದೆ ಬರಬೇಕು. ಒಂದು ಸಲಕ್ಕೆ ಒಂದೇ ಮನೆ ಎಂದರೆ ಇವುಗಳಿಗೇ 50,000 × 50,000, ಅಂದರೆ 250 ಕೋಟಿ ಸರಿಸುವಿಕೆಗಳು. ಸಾಲಿನ ಉದ್ದ ಎರಡರಷ್ಟಾದರೆ ಕೆಲಸ ನಾಲ್ಕರಷ್ಟಾಗುತ್ತದೆ. ಈ ಹಾದಿಯಲ್ಲಿ ವ್ಯರ್ಥವಾಗುತ್ತಿರುವುದೇನು ಎಂದು ನೋಡಿದರೆ ಮುಂದಿನ ಹಾದಿ ತಾನಾಗಿಯೇ ಕಾಣುತ್ತದೆ. ಒಂದು ಸಂಖ್ಯೆ ಕೊನೆಗೆ ಎಲ್ಲಿ ನಿಲ್ಲಬೇಕು ಎಂಬುದನ್ನು ಮೊದಲೇ ತಿಳಿಯಬಹುದಾದರೆ ಅದನ್ನು ಒಂದೊಂದೇ ಮನೆ ನಡೆಸುವ ಬದಲು ಒಂದೇ ಜಿಗಿತದಲ್ಲಿ ಅಲ್ಲಿಗೆ ಒಯ್ಯಬಹುದು.

ಅದನ್ನು ತಿಳಿಯುವುದು ಕಷ್ಟವೇನಲ್ಲ. ಸೊನ್ನೆಯಲ್ಲದ ಒಂದು ಸಂಖ್ಯೆಯ ಮುಂದೆ ಸೊನ್ನೆಯಲ್ಲದವು ಎಷ್ಟಿವೆಯೋ ಅಷ್ಟನೆಯ ಸ್ಥಾನವೇ ಅದರ ಕೊನೆಯ ನೆಲೆ. 14ರ ಮುಂದೆ ಅಂಥದ್ದು ಒಂದೂ ಇಲ್ಲ, ಅದರ ನೆಲೆ 0. 3ರ ಮುಂದೆ ಒಂದಿದೆ, ನೆಲೆ 1. 9ಕ್ಕೆ 2, 5ಕ್ಕೆ 3. ಸಾಲನ್ನು ಎಡದಿಂದ ಓದುತ್ತಾ ಹೋಗುವಾಗ ಈವರೆಗೆ ಸೊನ್ನೆಯಲ್ಲದವು ಎಷ್ಟು ಸಿಕ್ಕವು ಎಂಬ ಲೆಕ್ಕವೊಂದನ್ನು ಇಟ್ಟುಕೊಂಡರೆ, ಆ ಲೆಕ್ಕವೇ ಮುಂದಿನದು ಹೋಗಬೇಕಾದ ಸ್ಥಾನ. ಈ ಲೆಕ್ಕವನ್ನು `w` ಎಂದೂ ಓದುತ್ತಿರುವ ಸ್ಥಾನವನ್ನು `r` ಎಂದೂ ಕರೆಯೋಣ. ಒಂದು ಬರೆಯುವ ಸೂಚಕ, ಇನ್ನೊಂದು ಓದುವ ಸೂಚಕ. ಇಡೀ ವಿಧಾನ ಈ ಎರಡರ ಮೇಲೆ ನಿಂತಿದೆ.

```python
def move_zeros(a):
    w = 0
    for r in range(len(a)):
        if a[r] != 0:
            a[w] = a[r]
            w += 1
    for i in range(w, len(a)):
        a[i] = 0
```

ಉದಾಹರಣೆಯ ಸಾಲಿನ ಮೇಲೆ ಇದನ್ನು ನಡೆಸಿ ನೋಡೋಣ. `r` 0 ಆಗಿದ್ದಾಗ ಕಾಣುವುದು ಸೊನ್ನೆ, ಬಿಟ್ಟು ಮುಂದೆ ಹೋಗುತ್ತದೆ. `r` 1ಕ್ಕೆ ಬಂದಾಗ 14 ಸಿಗುತ್ತದೆ, ಅದನ್ನು ಸ್ಥಾನ 0ಕ್ಕೆ ಬರೆದು `w` ಅನ್ನು 1 ಮಾಡುತ್ತದೆ. ಸಾಲು ಈಗ `14 14 0 3 9 0 0 5`. ಸ್ಥಾನ 1ರಲ್ಲಿದ್ದ ಹಳೆಯ 14 ಇನ್ನೂ ಅಲ್ಲೇ ಇದೆ. ಅದನ್ನು ಯಾರೂ ಅಳಿಸಿಲ್ಲ. ಮುಂದೆ 3 ಸಿಕ್ಕಾಗ ಅದು ಸ್ಥಾನ 1ಕ್ಕೆ ಹೋಗಿ ಆ ಹಳೆಯ 14ರ ಮೇಲೇ ಕೂರುತ್ತದೆ: `14 3 0 3 9 0 0 5`. 9 ಸ್ಥಾನ 2ಕ್ಕೆ ಹೋದಾಗ `14 3 9 3 9 0 0 5`. ಎರಡು ಸೊನ್ನೆಗಳನ್ನು ದಾಟಿ 5 ಸಿಗುತ್ತದೆ, ಅದು ಸ್ಥಾನ 3ಕ್ಕೆ: `14 3 9 5 9 0 0 5`. ಓದುವುದು ಮುಗಿಯಿತು, `w` 4ರಲ್ಲಿ ನಿಂತಿದೆ. ಮೊದಲ ನಾಲ್ಕು ಸ್ಥಾನಗಳು ಸರಿಯಾಗಿವೆ. ಹಿಂದಿನ ನಾಲ್ಕರಲ್ಲಿ ಹಳೆಯ 9, ಹಳೆಯ 5 ಇನ್ನೂ ಉಳಿದಿವೆ. ಎರಡನೆಯ ಲೂಪ್ ಸ್ಥಾನ 4ರಿಂದ 7ರವರೆಗೆ ಸೊನ್ನೆ ತುಂಬಿ ಕೆಲಸ ಮುಗಿಸುತ್ತದೆ. ಈ ಎರಡನೆಯ ಲೂಪನ್ನು ಮರೆತರೆ ಸಾಲಿನ ಬಾಲದಲ್ಲಿ ಹಿಂದಿನ ಸಂಖ್ಯೆಗಳು ಎರಡನೆಯ ಸಲ ಕಾಣಿಸಿಕೊಳ್ಳುತ್ತವೆ. ಉತ್ತರದಲ್ಲಿ ಯಾವುದೋ ಸಂಖ್ಯೆ ಎರಡೆರಡು ಸಲ ಬಂದಿದ್ದರೆ ಮೊದಲು ಸಂಶಯಿಸಬೇಕಾದದ್ದು ಇದನ್ನೇ.

ಹೀಗೆ ಒಂದರ ಮೇಲೆ ಇನ್ನೊಂದನ್ನು ಬರೆಯುತ್ತಾ ಹೋದರೆ ಇನ್ನೂ ಓದದ ಸಂಖ್ಯೆಯೊಂದು ಅಳಿಸಿಹೋಗುವ ಅಪಾಯವಿಲ್ಲವೇ? ಇದು ಕೇಳಲೇಬೇಕಾದ ಪ್ರಶ್ನೆ. `r` ಪ್ರತಿ ಸುತ್ತಿನಲ್ಲೂ ಒಂದು ಹೆಜ್ಜೆ ಇಡುತ್ತದೆ, `w` ಸೊನ್ನೆಯಲ್ಲದ್ದು ಸಿಕ್ಕಾಗ ಮಾತ್ರ. ಎರಡೂ ಒಂದೇ ಕಡೆಯಿಂದ ಹೊರಟಿರುವುದರಿಂದ `w` ಎಂದೂ `r` ಅನ್ನು ಹಿಂದಿಕ್ಕಲಾರದು. ಹೆಚ್ಚೆಂದರೆ ಅದರ ಜೊತೆಯಲ್ಲಿರಬಹುದು. ಆದ್ದರಿಂದ ಬರೆಯುವ ಸ್ಥಾನ ಯಾವಾಗಲೂ ಆಗಲೇ ಓದಿಯಾದ ಸ್ಥಾನ, ಇಲ್ಲವೇ ಈಗ ಓದುತ್ತಿರುವ ಸ್ಥಾನವೇ. ಮುಂದಿರುವ ಯಾವುದನ್ನೂ ಅದು ಮುಟ್ಟುವುದಿಲ್ಲ. ಇನ್ನೊಂದು ಸಾಲಿನ ನೆರವಿಲ್ಲದೆ ಕೆಲಸವಾಗುವುದು ಈ ಕಾರಣದಿಂದ. ಕ್ರಮ ಉಳಿಯುವುದಕ್ಕೂ ಕಾರಣ ಇಲ್ಲೇ ಇದೆ: ಸಂಖ್ಯೆಗಳು ಎಡದಿಂದ ಬಲಕ್ಕೆ ಸಿಗುತ್ತವೆ, ಸಿಕ್ಕ ಕ್ರಮದಲ್ಲೇ ಎಡದಿಂದ ಬಲಕ್ಕೆ ಬರೆಯಲ್ಪಡುತ್ತವೆ.

ಈ ವಿಧಾನ ಸಾಲನ್ನು ಒಮ್ಮೆ ಮಾತ್ರ ಓದುತ್ತದೆ, ಸಾಲಿನಲ್ಲಿ ಎಷ್ಟು ಮನೆಗಳಿವೆಯೋ ಅಷ್ಟು ಸಲ ಬರೆಯುತ್ತದೆ. ಲಕ್ಷ ಸಂಖ್ಯೆಗಳಿಗೆ ಲಕ್ಷ ಓದು, ಲಕ್ಷ ಬರಹ. 250 ಕೋಟಿಯ ಲೆಕ್ಕ ಎಲ್ಲಿ, ಇದೆಲ್ಲಿ. ಆದರೂ ಒಂದು ಸಣ್ಣ ಅಸಮಾಧಾನಕ್ಕೆ ಜಾಗವಿದೆ. ಸಾಲಿನಲ್ಲಿ ಸೊನ್ನೆಯೇ ಇಲ್ಲದಿದ್ದರೂ ಪ್ರತಿ ಸಂಖ್ಯೆಯನ್ನೂ ಅದರ ಮೇಲೇ ಬರೆಯುತ್ತದೆ. ಒಂದು ಲಕ್ಷ ಮನೆಗಳಲ್ಲಿ ಕೊನೆಯದೊಂದನ್ನು ಬಿಟ್ಟು ಉಳಿದದ್ದೆಲ್ಲ ಸೊನ್ನೆಯಾಗಿದ್ದರೂ, ಬಹುಪಾಲು ಸೊನ್ನೆಗಳ ಮೇಲೆ ಮತ್ತೆ ಸೊನ್ನೆಯನ್ನೇ ಬರೆಯುತ್ತದೆ. ಓದುವುದಕ್ಕಿಂತ ಬರೆಯುವುದು ದುಬಾರಿಯಾದ ಕಡೆ, ಉದಾಹರಣೆಗೆ ಫ್ಲ್ಯಾಶ್ ಮೆಮೊರಿಯಲ್ಲಿ, ಇದು ನಿಜವಾದ ವೆಚ್ಚ.

ಇದನ್ನು ತಪ್ಪಿಸಲು ಬರೆಯುವ ಬದಲು ಅದಲುಬದಲು ಮಾಡಬಹುದು:

```python
def move_zeros(a):
    w = 0
    for r in range(len(a)):
        if a[r] != 0:
            if r != w:
                a[w], a[r] = a[r], a[w]
            w += 1
```

ಅದೇ ಸಾಲು ಈಗ ಹೀಗೆ ಸಾಗುತ್ತದೆ. 14 ಸಿಕ್ಕಾಗ ಸ್ಥಾನ 0ರ ಸೊನ್ನೆಯೊಡನೆ ಅದಲುಬದಲು: `14 0 0 3 9 0 0 5`. 3 ಸಿಕ್ಕಾಗ ಸ್ಥಾನ 1ರ ಸೊನ್ನೆಯೊಡನೆ: `14 3 0 0 9 0 0 5`. 9 ಸಿಕ್ಕಾಗ `14 3 9 0 0 0 0 5`, 5 ಸಿಕ್ಕಾಗ `14 3 9 5 0 0 0 0`. ಎರಡನೆಯ ಲೂಪ್ ಬೇಕಾಗಲೇ ಇಲ್ಲ. ಸೊನ್ನೆಗಳು ತಾವೇ ಹಿಂದೆ ಸೇರಿದವು.

ಪ್ರತಿ ಹೆಜ್ಜೆಯಲ್ಲೂ `w`ನಿಂದ `r`ನ ಹಿಂದಿನ ಸ್ಥಾನದವರೆಗೆ ಏನಿದೆ ಎಂದು ನೋಡಿ: ಬರಿಯ ಸೊನ್ನೆಗಳು. ಈ ವಿಧಾನ ಸರಿ ಎನ್ನುವುದಕ್ಕೆ ಆಧಾರ ಈ ಮಾತೇ. ಪ್ರತಿ ಸುತ್ತಿನ ಆರಂಭದಲ್ಲೂ ಸಾಲು ಮೂರು ಭಾಗಗಳಾಗಿರುತ್ತದೆ. `w`ಗಿಂತ ಮುಂಚಿನ ಸ್ಥಾನಗಳಲ್ಲಿ ಈವರೆಗೆ ಸಿಕ್ಕ ಸೊನ್ನೆಯಲ್ಲದವು, ಮೂಲ ಕ್ರಮದಲ್ಲಿ. `w`ನಿಂದ `r`ವರೆಗೆ, `r` ಅನ್ನು ಬಿಟ್ಟು, ಸೊನ್ನೆಗಳು ಮಾತ್ರ. `r`ನಿಂದ ಕೊನೆಯವರೆಗೆ ಇನ್ನೂ ಮುಟ್ಟದ ಭಾಗ. ಆರಂಭದಲ್ಲಿ ಮೊದಲ ಎರಡು ಭಾಗಗಳು ಖಾಲಿ, ಆದ್ದರಿಂದ ಮಾತು ನಿಜ. ಒಂದು ಸುತ್ತಿನಲ್ಲಿ ಸೊನ್ನೆ ಸಿಕ್ಕರೆ ನಡುವಿನ ಭಾಗ ಒಂದು ಮನೆ ಬೆಳೆಯುತ್ತದೆ. ಸೊನ್ನೆಯಲ್ಲದ್ದು ಸಿಕ್ಕರೆ ಅದು ನಡುವಿನ ಭಾಗದ ಮೊದಲ ಸೊನ್ನೆಯೊಡನೆ ಜಾಗ ಬದಲಿಸಿಕೊಳ್ಳುತ್ತದೆ; ನಡುವಿನ ಭಾಗ ಖಾಲಿಯಿದ್ದರೆ ಇದ್ದಲ್ಲೇ ಉಳಿಯುತ್ತದೆ. ಮೊದಲ ಭಾಗ ಒಂದು ಮನೆ ಬೆಳೆಯುತ್ತದೆ, ನಡುವಿನ ಭಾಗ ಅಷ್ಟೇ ಉದ್ದ ಉಳಿದು ಒಂದು ಮನೆ ಬಲಕ್ಕೆ ಸರಿಯುತ್ತದೆ. ಎರಡೂ ಸಂದರ್ಭಗಳಲ್ಲಿ ಮಾತು ನಿಜವಾಗಿಯೇ ಉಳಿಯಿತು. `r` ಸಾಲಿನ ಕೊನೆಯನ್ನು ದಾಟಿದಾಗ ಮೂರನೆಯ ಭಾಗ ಖಾಲಿಯಾಗಿರುತ್ತದೆ, ಉಳಿಯುವುದು ನಮಗೆ ಬೇಕಾದದ್ದೇ. ಲೂಪ್ ಒಂದನ್ನು ಹೀಗೆ ಪ್ರತಿ ಸುತ್ತಿನಲ್ಲೂ ಕೆಡದ ಒಂದು ಮಾತಿನ ಮೂಲಕ ಸಾಧಿಸಿ ತೋರಿಸುವ ಕ್ರಮಕ್ಕೆ ಟೋನಿ ಹೋರ್ 1969ರ ತಮ್ಮ ಲೇಖನದಲ್ಲಿ ತರ್ಕದ ಚೌಕಟ್ಟನ್ನು ಕೊಟ್ಟರು. ಕಾಗದದ ಮೇಲೆ ಒಂದೆರಡು ಉದಾಹರಣೆ ನಡೆಸಿ ನೋಡಿದರೆ ಸಿಗುವ ಭರವಸೆಗೂ ಈ ಸಾಧನೆಯಿಂದ ಸಿಗುವ ಭರವಸೆಗೂ ತುಂಬ ಅಂತರವಿದೆ. ಉದಾಹರಣೆ ಆ ಒಂದು ಸಾಲಿನ ಬಗ್ಗೆ ಮಾತ್ರ ಹೇಳುತ್ತದೆ, ಇದು ಎಲ್ಲ ಸಾಲುಗಳ ಬಗ್ಗೆ.

ಬರಹದ ಲೆಕ್ಕವೂ ಈಗ ಬೇರೆ. ಜಾಗ ಬಿಟ್ಟು ಕದಲುವ ಪ್ರತಿ ಸಂಖ್ಯೆಗೆ ಎರಡು ಬರಹಗಳು, ಕದಲದಿದ್ದುದಕ್ಕೆ ಒಂದೂ ಇಲ್ಲ. ಸೊನ್ನೆಯಿಲ್ಲದ ಸಾಲಿನಲ್ಲಿ `r`, `w` ಕೊನೆಯವರೆಗೂ ಜೊತೆಯಲ್ಲೇ ಸಾಗುವುದರಿಂದ ಬರೆಯುವುದೇ ಇಲ್ಲ. ಕೊನೆಯಲ್ಲಿ ಒಂದೇ ಒಂದು ಸಂಖ್ಯೆಯಿರುವ ಲಕ್ಷ ಮನೆಗಳ ಸಾಲಿಗೆ ಎರಡೇ ಬರಹ ಸಾಕು. ಆದರೆ ಮೊದಲ ಮನೆಯಲ್ಲಿ ಮಾತ್ರ ಸೊನ್ನೆ, ಉಳಿದವೆಲ್ಲ ಬೇರೆ ಸಂಖ್ಯೆಗಳು ಎಂದಾದರೆ ಪ್ರತಿಯೊಂದೂ ಕದಲಬೇಕು. ಆಗ ಬರಹಗಳು ಹಿಂದಿನ ವಿಧಾನದ ಹತ್ತಿರಹತ್ತಿರ ಎರಡರಷ್ಟಾಗುತ್ತವೆ. ಹಾಗಾಗಿ ಎಲ್ಲ ಸಾಲುಗಳಿಗೂ ಒಂದೇ ವಿಧಾನ ಮೇಲು ಎನ್ನಲಾಗದು. ಸೊನ್ನೆಗಳು ಹೇರಳವಾಗಿದ್ದರೆ, ಇಲ್ಲವೇ ಸಾಲಿನ ಕೊನೆಯ ಹತ್ತಿರವೇ ಇದ್ದರೆ, ಅದಲುಬದಲು ಲಾಭ. ಸೊನ್ನೆಗಳು ಕಡಿಮೆಯಿದ್ದು ಆರಂಭದಲ್ಲೇ ಬಂದರೆ ಮೇಲೆ ಬರೆಯುವುದೇ ಅಗ್ಗ.

ಅದಲುಬದಲಿಗೆ ಪೂರ್ತಿ ಶ್ರಮ ಏಕೆ, `a[w]`ನಲ್ಲಿ ಇರುವುದು ಹೇಗೂ ಸೊನ್ನೆ ತಾನೆ, `a[w] = a[r]` ಎಂದು ಬರೆದು ಆಮೇಲೆ `a[r] = 0` ಎಂದರಾಯಿತಲ್ಲ ಎಂದು ಹೊಳೆಯುವುದು ಸಹಜ. ಅದು ಸರಿಯೇ, ಆದರೆ `r != w` ಎಂಬ ಪರೀಕ್ಷೆ ಇದ್ದಾಗ ಮಾತ್ರ. ಅದಲುಬದಲಿನಲ್ಲಿ ಆ ಪರೀಕ್ಷೆ ಬರಿಯ ಉಳಿತಾಯಕ್ಕಾಗಿತ್ತು; ಒಂದು ಸಂಖ್ಯೆಯನ್ನು ಅದರೊಂದಿಗೇ ಬದಲಿಸಿದರೆ ಹಾನಿಯಿಲ್ಲ. ಇಲ್ಲಿ ಹಾಗಲ್ಲ. `7 8` ಎಂಬ ಸಾಲಿನಲ್ಲಿ ಮೊದಲ ಸುತ್ತಿಗೆ ಎರಡೂ ಸೂಚಕಗಳು ಸ್ಥಾನ 0ರಲ್ಲಿವೆ. 7ನ್ನು ಅದರ ಮೇಲೇ ಬರೆದು, ಮರುಕ್ಷಣವೇ ಅಲ್ಲಿ ಸೊನ್ನೆ ಬರೆದರೆ 7 ಕಳೆದುಹೋಯಿತು. 8ಕ್ಕೂ ಅದೇ ಗತಿ. ಉತ್ತರ `0 0`. ಸೊನ್ನೆಯಿಂದ ಶುರುವಾಗುವ ಸಾಲುಗಳಲ್ಲಿ ಸೂಚಕಗಳು ಮೊದಲ ಹೆಜ್ಜೆಯಲ್ಲೇ ಬೇರೆಯಾಗುವುದರಿಂದ ಈ ದೋಷ ಎಂದೂ ಕಾಣುವುದಿಲ್ಲ. ನಮ್ಮ ಉದಾಹರಣೆಯ ಸಾಲೂ ಅಂಥದ್ದೇ; ಅದೊಂದನ್ನೇ ನಂಬಿದ್ದರೆ ಈ ತಪ್ಪು ದಾಟಿಹೋಗುತ್ತಿತ್ತು.

ಇನ್ನೊಂದು ಬಗೆಯ ತಪ್ಪೂ ಕಾಣಸಿಗುತ್ತದೆ. ಕೆಲವರು ಒಂದು ಸೂಚಕದಿಂದ ಮುಂದಿನ ಸೊನ್ನೆಯನ್ನೂ ಇನ್ನೊಂದರಿಂದ ಮುಂದಿನ ಸೊನ್ನೆಯಲ್ಲದ್ದನ್ನೂ ಹುಡುಕಿ, ಎರಡನ್ನೂ ಅದಲುಬದಲು ಮಾಡುತ್ತಾರೆ. ಸೊನ್ನೆಯಲ್ಲದ್ದು ಸೊನ್ನೆಗಿಂತ ಬಲಕ್ಕಿದೆಯೇ ಎಂದು ನೋಡುವುದನ್ನು ಮರೆತರೆ, `1 0` ಎಂಬ ಸರಿಯಾಗಿಯೇ ಇದ್ದ ಸಾಲು `0 1` ಆಗುತ್ತದೆ.

ಇವುಗಳನ್ನೆಲ್ಲ ಹಿಡಿಯುವ ಪರೀಕ್ಷೆ ದೊಡ್ಡದೇನಲ್ಲ. ಉತ್ತರದಲ್ಲಿ ಮೂರು ಸಂಗತಿಗಳನ್ನು ನೋಡಿದರೆ ಸಾಕು: ಉದ್ದ ಮೊದಲಿನಷ್ಟೇ ಇದೆಯೇ, ಉತ್ತರದಿಂದ ಸೊನ್ನೆಗಳನ್ನು ಬಿಟ್ಟು ಓದಿದರೆ ಸಿಗುವ ಸಂಖ್ಯೆಗಳು ಮೂಲ ಸಾಲನ್ನು ಹಾಗೇ ಓದಿದಾಗ ಸಿಕ್ಕವೇ, ಅದೇ ಕ್ರಮದಲ್ಲಿ, ಮೊದಲ ಸೊನ್ನೆಯ ಹಿಂದೆ ಸೊನ್ನೆಯಲ್ಲದ್ದು ಯಾವುದಾದರೂ ಇದೆಯೇ. ಈ ಮೂರನ್ನು ಸಣ್ಣ ಸಾಲುಗಳೆಲ್ಲದರ ಮೇಲೂ ನಡೆಸಬೇಕು. 0, 1, 2 ಎಂಬ ಮೂರೇ ಸಂಖ್ಯೆಗಳಿಂದ ನಾಲ್ಕು ಮನೆಗಳ ಸಾಲುಗಳನ್ನು 81 ರೀತಿಯಲ್ಲಿ ಮಾಡಬಹುದು. ಖಾಲಿ ಸಾಲನ್ನೂ ಒಂದು, ಎರಡು, ಮೂರು ಮನೆಗಳವನ್ನೂ ಸೇರಿಸಿದರೆ ಒಟ್ಟು 121. ಈ ಅಧ್ಯಾಯದಲ್ಲಿ ಈವರೆಗೆ ಬಂದ ತಪ್ಪುಗಳಲ್ಲಿ ಒಂದೂ ಈ 121 ಸಾಲುಗಳನ್ನು ದಾಟಿಹೋಗಲಾರದು. ಆಯ್ದು ತೆಗೆದ ನಾಲ್ಕಾರು ದೊಡ್ಡ ಉದಾಹರಣೆಗಳಿಗಿಂತ ಹೀಗೆ ಸಣ್ಣವನ್ನು ಒಂದೂ ಬಿಡದೆ ನೋಡುವುದು ಹೆಚ್ಚು ನಂಬಿಕೆಗೆ ಅರ್ಹ.

ಪೈಥಾನ್ ಬಳಸುವವರು ಎಚ್ಚರ ವಹಿಸಬೇಕಾದದ್ದು ಇನ್ನೊಂದಿದೆ. ಒಂದೇ ಸಾಲಿನಲ್ಲಿ `a.sort(key=lambda x: x == 0)` ಎಂದು ಬರೆದರೂ ಸರಿಯಾದ ಉತ್ತರವೇ ಬರುತ್ತದೆ. ಸೊನ್ನೆಯಲ್ಲದ್ದಕ್ಕೆ `False`, ಸೊನ್ನೆಗೆ `True` ಎಂಬ ಗುರುತು ಸಿಗುತ್ತದೆ, `False` ಮೊದಲು ಬರುತ್ತದೆ, ಪೈಥಾನಿನ ವಿಂಗಡಣೆ ಸಮಾನ ಗುರುತುಗಳ ನಡುವಿನ ಕ್ರಮವನ್ನು ಕೆಡಿಸುವುದಿಲ್ಲ. ಆದರೆ ಒಳಗೊಳಗೆ ಅದು ಪ್ರತಿ ಸಂಖ್ಯೆಯ ಗುರುತನ್ನು ಬೇರೆಯಾಗಿ ಇಟ್ಟುಕೊಳ್ಳುತ್ತದೆ, ಅಂದರೆ ಸಾಲಿನಷ್ಟೇ ಉದ್ದದ ಇನ್ನೊಂದು ಸಾಲು. ಜಾಗದಲ್ಲೇ ಮಾಡಿದಂತೆ ಕಂಡರೂ ನಿಬಂಧನೆ ಮುರಿದಿದೆ. ಫಂಕ್ಷನ್ನಿನೊಳಗೆ `a = ...` ಎಂದು ಹೊಸ ಪಟ್ಟಿಯನ್ನು ಕಟ್ಟುವುದಂತೂ ಇನ್ನೂ ತೊಡಕು. ಅಲ್ಲಿ `a` ಎಂಬ ಹೆಸರು ಹೊಸ ಪಟ್ಟಿಗೆ ಅಂಟಿಕೊಳ್ಳುತ್ತದೆ, ಕರೆದವರ ಕೈಯಲ್ಲಿರುವ ಪಟ್ಟಿ ಇದ್ದಂತೆಯೇ ಇರುತ್ತದೆ. ಫಂಕ್ಷನ್ನಿನೊಳಗೆ ಮುದ್ರಿಸಿದರೆ ಉತ್ತರ ಸರಿ, ಹೊರಗೆ ಬಂದು ನೋಡಿದರೆ ಏನೂ ಬದಲಾಗಿಲ್ಲ.

ಈಗ ಈ ಸಮಸ್ಯೆಯ ತಿರುಳಿಗೆ ಬರಬಹುದು. ಅದಲುಬದಲಿನ ವಿಧಾನ ಹೊಸದಲ್ಲ. ವಿಂಗಡಣೆಯ ಹೆಸರಾಂತ ವಿಧಾನವಾದ ಕ್ವಿಕ್‌ಸಾರ್ಟ್‌ನಲ್ಲಿ ಸಾಲನ್ನು ಸಣ್ಣವು ಒಂದು ಕಡೆ, ದೊಡ್ಡವು ಒಂದು ಕಡೆ ಎಂದು ಇಬ್ಭಾಗ ಮಾಡುವ ಹಂತವೊಂದಿದೆ. ಹೋರ್ 1961ರಲ್ಲಿ ಪ್ರಕಟಿಸಿದ ಮೂಲ ರೂಪದಲ್ಲಿ ಎರಡು ಸೂಚಕಗಳು ಸಾಲಿನ ಎರಡು ತುದಿಗಳಿಂದ ಹೊರಟು ನಡುವೆ ಸಂಧಿಸುತ್ತವೆ. 2048ರ ಸಾಲನ್ನು ಕೆಡಿಸಿದ, ಎರಡನೆಯ ಮನೆಯ ಸೊನ್ನೆಯನ್ನು ಕೊನೆಯ 4ರೊಂದಿಗೆ ಬದಲಿಸಿದ ನಡೆ ಈ ಜಾತಿಯದು. ಅದು ಕ್ರಮದ ಗೊಡವೆಗೆ ಹೋಗುವುದಿಲ್ಲ. ಎರಡೂ ಸೂಚಕಗಳು ಒಂದೇ ತುದಿಯಿಂದ ಹೊರಡುವ ಇನ್ನೊಂದು ರೂಪ ನಿಕೋ ಲೊಮುಟೊ ಅವರದು. ಜಾನ್ ಬೆಂಟ್ಲಿ ತಮ್ಮ ‘ಪ್ರೋಗ್ರಾಮಿಂಗ್ ಪರ್ಲ್ಸ್’ ಪುಸ್ತಕದ ಮೂಲಕ ಅದನ್ನು ಎಲ್ಲರಿಗೂ ಪರಿಚಯಿಸಿದರು. ನಮ್ಮ `r` ಮತ್ತು `w` ಲೊಮುಟೊ ಅವರ ಸೂಚಕಗಳೇ.

ಲೊಮುಟೊ ವಿಧಾನ ಮುಂದೆ ಬರುವ ಭಾಗದ ಕ್ರಮವನ್ನು ಕಾಪಾಡುತ್ತದೆ, ಹಿಂದೆ ಸರಿಯುವ ಭಾಗದ್ದನ್ನಲ್ಲ. ಸೊನ್ನೆಗಳ ಬದಲು ಬೆಸ ಸಂಖ್ಯೆಗಳನ್ನು ಹಿಂದಕ್ಕೆ ಕಳುಹಿಸಿ ನೋಡಿದರೆ ಇದು ಬಯಲಾಗುತ್ತದೆ. `1 3 2` ಎಂಬ ಸಾಲಿನಲ್ಲಿ 2 ಸಿಕ್ಕಾಗ ಅದು ಸ್ಥಾನ 0ರ 1ರೊಂದಿಗೆ ಬದಲಾಗುತ್ತದೆ: `2 3 1`. ಸಮಸಂಖ್ಯೆ ಮುಂದೆ ಬಂತು, ಆದರೆ 1ರ ಹಿಂದಿದ್ದ 3 ಈಗ 1ರ ಮುಂದಿದೆ. ಸೊನ್ನೆಗಳಿದ್ದಾಗಲೂ ನಡೆಯುವುದು ಇದೇ. ಮೊದಲ ಸೊನ್ನೆ ಎರಡನೆಯದನ್ನು ಹಾರಿಕೊಂಡು ಹಿಂದೆ ಹೋಗುತ್ತದೆ. ಒಂದು ಸೊನ್ನೆಗೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲದ್ದರಿಂದ ಆ ಏರುಪೇರು ಉತ್ತರದಲ್ಲಿ ಕಾಣುವುದಿಲ್ಲ, ಅಷ್ಟೇ. ಮೇಲೆ ಬರೆಯುವ ವಿಧಾನ ಇನ್ನೂ ಧೈರ್ಯದ್ದು: ಅದು ಸೊನ್ನೆಗಳನ್ನು ಅಳಿಸಿಯೇ ಬಿಟ್ಟು ಕೊನೆಯಲ್ಲಿ ಹೊಸದಾಗಿ ಬರೆಯುತ್ತದೆ. ಎಷ್ಟು ಸೊನ್ನೆಗಳಿದ್ದವು ಎಂಬುದೊಂದು ಗೊತ್ತಿದ್ದರೆ ಅವುಗಳ ಬಗ್ಗೆ ಗೊತ್ತಿರಬೇಕಾದದ್ದೆಲ್ಲ ಗೊತ್ತಿದ್ದಂತೆ. ಸಮಸ್ಯೆ ಇಷ್ಟು ಸರಳವಾಗಿರುವುದು ಈ ಒಂದು ಗುಣದಿಂದ.

ಆ ಗುಣವನ್ನು ಕಿತ್ತುಕೊಂಡರೆ ಸಮಸ್ಯೆಯ ಸ್ವರೂಪವೇ ಬದಲಾಗುತ್ತದೆ. ಸಮಸಂಖ್ಯೆಗಳು ಮುಂದೆ, ಬೆಸಸಂಖ್ಯೆಗಳು ಹಿಂದೆ, ಎರಡೂ ಗುಂಪಿನೊಳಗೆ ಮೂಲ ಕ್ರಮ, ಹೆಚ್ಚುವರಿ ಮೆಮೊರಿ ಇಲ್ಲ ಎಂದರೆ ಸರಳವಾದ ಒಂದು ಓಟದಲ್ಲಿ ಅದು ಮುಗಿಯುವುದಿಲ್ಲ. ಸಾಲನ್ನು ಎರಡು ಅರ್ಧಗಳಾಗಿ ಒಡೆದು, ಪ್ರತಿ ಅರ್ಧವನ್ನೂ ಹಾಗೇ ಬೇರ್ಪಡಿಸಿ, ಎಡ ಅರ್ಧದ ಬೆಸಗಳನ್ನೂ ಬಲ ಅರ್ಧದ ಸಮಗಳನ್ನೂ ಇಡೀ ಕಟ್ಟುಗಳಾಗಿ ಜಾಗ ಬದಲಿಸುವುದು ರೂಢಿಯ ದಾರಿ. ಸಾಲಿನ ಉದ್ದವನ್ನು ಅದು ಎಷ್ಟು ಸಲ ಅರ್ಧವಾಗುತ್ತದೋ ಅದರಿಂದ ಗುಣಿಸಿದಷ್ಟು ಕೆಲಸ; ಲಕ್ಷ ಸಂಖ್ಯೆಗಳಿಗೆ ಲಕ್ಷದ ಸುಮಾರು ಹದಿನೇಳರಷ್ಟು. ಸಿ++ ಭಾಷೆಯ ಗ್ರಂಥಾಲಯದಲ್ಲಿ ಈ ವ್ಯತ್ಯಾಸ ನೇರವಾಗಿ ಅಚ್ಚಾಗಿದೆ. ಬೇಡದ್ದನ್ನು ತೆಗೆದು ಉಳಿದದ್ದನ್ನು ಕ್ರಮದಲ್ಲಿ ಮುಂದೆ ತರುವ `std::remove` ಒಂದೇ ಓಟದಲ್ಲಿ ಮುಗಿಯುತ್ತದೆ. ನಮ್ಮ ಮೊದಲ ವಿಧಾನ ಎಂದರೆ `std::remove`, ಅದರ ಬೆನ್ನಿಗೆ `std::fill`. ಎರಡೂ ಗುಂಪುಗಳ ಕ್ರಮ ಕಾಯುವ `std::stable_partition` ಮಾತ್ರ ಹೆಚ್ಚುವರಿ ಮೆಮೊರಿ ಸಿಕ್ಕರೆ ಒಂದು ವೇಗ, ಸಿಗದಿದ್ದರೆ ಮೇಲೆ ಹೇಳಿದ ನಿಧಾನದ ವೇಗ ಎಂದು ಎರಡು ಬಗೆಯ ಭರವಸೆ ಕೊಡುತ್ತದೆ. ಜಾಗದಲ್ಲೇ, ಉದ್ದಕ್ಕೆ ಅನುಪಾತವಾದ ಸಮಯದಲ್ಲೇ ಇದನ್ನು ಮಾಡಬಹುದೆಂದು ಯೂರ್ಕಿ ಕತಾಯನೆನ್ ಮತ್ತು ಟೋಮಿ ಪಸಾನೆನ್ 1992ರಲ್ಲಿ ತೋರಿಸಿದರು. ಆದರೆ ಅವರ ವಿಧಾನ ಏಳೆಂಟು ಸಾಲುಗಳ ಪ್ರೋಗ್ರಾಮಿನಲ್ಲಿ ಹಿಡಿಸುವಂಥದ್ದಲ್ಲ.

ಎಲ್ಲ ಸೊನ್ನೆಗಳೂ ಒಂದೇ ಎಂಬ ಮಾತು ಪೂರ್ಣಾಂಕಗಳಿಗೆ ಸಲ್ಲುತ್ತದೆ, ಎಲ್ಲೆಡೆಯೂ ಅಲ್ಲ. ದಶಮಾಂಶ ಸಂಖ್ಯೆಗಳನ್ನು ಕಂಪ್ಯೂಟರಿನಲ್ಲಿಡಲು 1985ರಿಂದ ಬಳಕೆಯಲ್ಲಿರುವ IEEE 754 ಮಾನಕದಲ್ಲಿ ಎರಡು ಸೊನ್ನೆಗಳಿವೆ, `0.0` ಮತ್ತು `-0.0`. ಹೋಲಿಸಿದರೆ ಅವು ಸಮ, ಆದರೆ ಮಾನಕದ ಪ್ರಕಾರ 1ನ್ನು ಮೊದಲನೆಯದರಿಂದ ಭಾಗಿಸಿದರೆ ಧನ ಅನಂತ, ಎರಡನೆಯದರಿಂದ ಭಾಗಿಸಿದರೆ ಋಣ ಅನಂತ. ಮೇಲೆ ಬರೆಯುವ ವಿಧಾನಕ್ಕೆ ಇಂಥ ಸಾಲು ಕೊಟ್ಟರೆ ಋಣ ಸೊನ್ನೆಗಳೆಲ್ಲ ಅಳಿದು ಸಾಮಾನ್ಯ ಸೊನ್ನೆಗಳಾಗುತ್ತವೆ. ಅದಲುಬದಲಿನ ವಿಧಾನದಲ್ಲಿ ಅವು ಉಳಿಯುತ್ತವೆ, ಆದರೆ ತಮ್ಮತಮ್ಮಲ್ಲಿ ಹಿಂದುಮುಂದಾಗಬಹುದು. ಪೈಥಾನಿನ ಪಟ್ಟಿಯಲ್ಲಿ `False` ಇದ್ದರೂ ಇದೇ ತೊಡಕು, ಏಕೆಂದರೆ ಅಲ್ಲಿ `False == 0` ನಿಜ. ಮೊದಲ ವಿಧಾನ ಅದನ್ನು ಸದ್ದಿಲ್ಲದೆ `0` ಆಗಿಸಿಬಿಡುತ್ತದೆ. ಇಂಥ ದತ್ತಾಂಶ ಬರುವ ಸಾಧ್ಯತೆಯಿದ್ದರೆ ಮೇಲೆ ಬರೆಯುವ ವಿಧಾನವನ್ನು ಬಿಟ್ಟು ಅದಲುಬದಲನ್ನು ಆರಿಸಿಕೊಳ್ಳಬೇಕು, ಸೊನ್ನೆಗಳ ನಡುವಿನ ಕ್ರಮವೂ ಮುಖ್ಯವಾದರೆ ಎರಡೂ ಗುಂಪುಗಳ ಕ್ರಮ ಕಾಯುವ ವಿಧಾನಕ್ಕೇ ಹೋಗಬೇಕು.